ಇಬ್ಬರಿಗೂ ಗರ್ಭಕಂಠ ಚಿಕ್ಕದು. ಅವಳಿಗೆ ಹೊಲಿಗೆ, ನನಗೇಕೆ ಬರೀ ಗುಳಿಗೆ?

ಪ್ರಶ್ನೆ: ಡಾಕ್ಟರೇ, ನನಗಿದು ಮೊದಲ ಬಸಿರು, ಈಗ 20 ವಾರ. ಸ್ಕ್ಯಾನಿಂಗ್‌ನಲ್ಲಿ ಹೊಟ್ಟೆಯ ಮೇಲಿಂದ ನೋಡಿದಾಗ ಗರ್ಭಕಂಠ 31 ಮಿಲಿಮೀಟರ್ ಎಂದರು. ಸ್ಪಷ್ಟವಾಗಿ ಕಾಣುತ್ತಿಲ್ಲವೆಂದು ಮೂತ್ರ ಮಾಡಿ ಬರಲು ಹೇಳಿ, ಕೆಳಗಿನಿಂದ ನೋಡಿ 21 ಎಂದರು. ವರದಿಯಲ್ಲಿ '24, 22, 21, ಒಳಬಾಯಿ ಆಲಿಕೆಯಂತೆ ತೆರೆದಿದೆ' ಎಂದು ಬರೆದಿದ್ದಾರೆ. ನಮ್ಮ ವೈದ್ಯರು ರಾತ್ರಿ ಒಳಗಿಡಲು ಪ್ರೊಜೆಸ್ಟರಾನ್ ಗುಳಿಗೆ ಕೊಟ್ಟು, ಹತ್ತು ದಿನ ಬಿಟ್ಟು ಬನ್ನಿ ಎಂದಿದ್ದಾರೆ. ನನ್ನ ಗೆಳತಿಗೆ 22 ಇದ್ದಾಗ ಮರುದಿನವೇ ಹೊಲಿಗೆ ಹಾಕಿದ್ದರು. ಅವಳ ಮೊದಲ ಮಗು 22ನೇ ವಾರದಲ್ಲಿ ಹೋಗಿತ್ತು, ಪಾಪ. ನನಗೇಕೆ ಹೊಲಿಗೆ ಬೇಡವೆಂದರು? ಮನೆಯಲ್ಲಿ ಅತ್ತೆ ಮಂಚದ ಕಾಲ್ಬದಿಯನ್ನು ಎತ್ತರಿಸಿ, ಸ್ನಾನಕ್ಕೂ ಏಳಬೇಡ ಎನ್ನುತ್ತಿದ್ದಾರೆ. ನಾಲ್ಕು ದಿನದಿಂದ ಮಲಗಿಯೇ ಇದ್ದೇನೆ. ಎದ್ದರೆ ಮಗುವಿಗೆ ತೊಂದರೆಯಾಗುತ್ತದೆಯೇ?

ಉತ್ತರ: ಮೊದಲು ಎದ್ದು ಸ್ನಾನ ಮಾಡಿ ಬನ್ನಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ. ಸ್ನಾನ, ಶೌಚ, ಮನೆಯೊಳಗಿನ ಓಡಾಟ, ಒಂದೆರಡು ಬಾರಿ ಮೆಟ್ಟಿಲು ಹತ್ತಿ ಇಳಿಯುವುದು, ಇವು ಯಾವುವೂ ಗರ್ಭಕಂಠವನ್ನು ಗಿಡ್ಡ ಮಾಡುತ್ತವೆ ಎಂಬುದಕ್ಕೆ ಆಧಾರವಿಲ್ಲ. ನಾಲ್ಕು ದಿನ ಕದಲದೆ ಮಲಗುವುದರಿಂದ ಹಾನಿಯಾಗುತ್ತದೆ ಎಂಬುದಕ್ಕೆ ಮಾತ್ರ ಬೇಕಾದಷ್ಟು ಆಧಾರವಿದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಹೊಲಿಗೆಯ ವಿಚಾರದಲ್ಲಿ ನಿಮ್ಮ ವೈದ್ಯರೂ ಸರಿ, ನಿಮ್ಮ ಗೆಳತಿಯ ವೈದ್ಯರೂ ಸರಿ. ವ್ಯತ್ಯಾಸ ಇರುವುದು 21 ಮತ್ತು 22ರ ನಡುವಿನ ಒಂದು ಮಿಲಿಮೀಟರಿನಲ್ಲಿ ಅಲ್ಲ. ನೀವು ಮಾತಿನ ನಡುವೆ ಹೇಳಿ ಮುಂದೆ ಸಾಗಿದ ಒಂದು ವಾಕ್ಯದಲ್ಲಿದೆ: ಅವರ ಮೊದಲ ಮಗು 22ನೇ ವಾರದಲ್ಲಿ ಹೋಗಿತ್ತು. ಅದು ಏಕೆ ಅಷ್ಟು ಮುಖ್ಯ ಎಂದು ತಿಳಿಯಬೇಕಾದರೆ, ನಿಮ್ಮ ವರದಿಯ ಆ ಮೂರು ಅಂಕಿಗಳು ಎಲ್ಲಿಂದ ಬಂದವು ಎಂಬಲ್ಲಿಂದ ಹೊರಡಬೇಕು.

ಗರ್ಭಕಂಠವೆಂದರೆ ಗರ್ಭಕೋಶದ ಕೆಳತುದಿ. ಅದು ಬೇಗನೆ ಚಿಕ್ಕದಾದರೆ ಅವಧಿಗೆ ಮೊದಲೇ ಹೆರಿಗೆಯಾಗುವ ಅಪಾಯ ಹೆಚ್ಚುತ್ತದೆ. ಹೊಲಿಗೆ ಎಂದರೆ ಅದರ ಸುತ್ತ ದಾರ ಕಟ್ಟಿ ಬಿಗಿಯುವುದು. ಮೇಲೆ ಮಗುವಿನ ಕಡೆಗೆ ಒಳಬಾಯಿ, ಕೆಳಗೆ ಯೋನಿಯ ಕಡೆಗೆ ಹೊರಬಾಯಿ, ಎರಡರ ನಡುವೆ ಲೋಳೆ ತುಂಬಿದ ಸಣ್ಣ ಕಾಲುವೆ. ನಾವು ಅಳೆಯುವುದು ಈ ಕಾಲುವೆಯಲ್ಲಿ ಮುಚ್ಚಿಕೊಂಡಿರುವ ಭಾಗದ ಉದ್ದವನ್ನು ಮಾತ್ರ. ಹೊಟ್ಟೆಯ ಮೇಲಿಂದ ನೋಡುವಾಗ ಗರ್ಭಕಂಠವನ್ನು ಕಾಣಲು ಮೂತ್ರಕೋಶ ತುಂಬಿರಬೇಕಾಗುತ್ತದೆ. ಹಾಗೆ ತುಂಬಿದ ಮೂತ್ರಕೋಶವೇ ಗರ್ಭಕೋಶದ ಕೆಳಭಾಗವನ್ನು ಒತ್ತಿ, ಅದರ ಮುಂದಿನ ಮತ್ತು ಹಿಂದಿನ ಗೋಡೆಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಆಗ ಗರ್ಭಕಂಠವಲ್ಲದ ಭಾಗವೂ ಗರ್ಭಕಂಠದಂತೆ ಕಂಡು ಅಳತೆ ಉದ್ದವಾಗುತ್ತದೆ, ತೆರೆದ ಒಳಬಾಯಿಯೂ ಮುಚ್ಚಿದಂತೆ ತೋರುತ್ತದೆ. ಸಾಲದ್ದಕ್ಕೆ ಮಗುವಿನ ತಲೆಯ ನೆರಳು ಬೇರೆ. ನಿಮ್ಮ 31 ಬಂದದ್ದು ಹೀಗೆ. ಅದು ಅರ್ಧ ಗಂಟೆಯಲ್ಲಿ 21ಕ್ಕೆ ಇಳಿಯಲಿಲ್ಲ. ಮೊದಲಿನಿಂದಲೂ 21ರ ಆಸುಪಾಸಿನಲ್ಲೇ ಇತ್ತು. ಆ 31 ಎಂಬ ಅಂಕಿಯನ್ನು ಮರೆತುಬಿಡಿ.

ಕೆಳಗಿನಿಂದ, ಅಂದರೆ ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ಗೆ ಮೂತ್ರಕೋಶ ಖಾಲಿ ಇರಬೇಕು. ತೆಳುವಾದ ಪ್ರೋಬ್ ಅನ್ನು ಗರ್ಭಕಂಠದ ಮುಂಭಾಗದ ಸಂದಿಗೆ ಇಟ್ಟು, ಚಿತ್ರ ಮಸುಕಾಗುವವರೆಗೆ ಹಿಂದಕ್ಕೆ ಎಳೆದು, ಮತ್ತೆ ಚಿತ್ರ ಮೂಡುವಷ್ಟೇ ಮುಂದಕ್ಕೆ ತರುತ್ತಾರೆ. ಇದು ಸಣ್ಣ ಸಂಗತಿಯಂತೆ ಕಂಡರೂ ಅಳತೆಯ ಸತ್ಯಾಸತ್ಯ ಇದರ ಮೇಲೆಯೇ ನಿಂತಿದೆ. ಪ್ರೋಬ್ ಒತ್ತಿದರೆ ಮೆತ್ತಗಿನ ಗರ್ಭಕಂಠ ಚಪ್ಪಟೆಯಾಗಿ ಉದ್ದವಾಗುತ್ತದೆ, ಚಿಕ್ಕದು ಚಿಕ್ಕದೆಂದು ಗೊತ್ತಾಗುವುದೇ ಇಲ್ಲ. ಒತ್ತಿಲ್ಲ ಎಂಬುದನ್ನು ಚಿತ್ರ ನೋಡಿಯೇ ಹೇಳಬಹುದು: ಗರ್ಭಕಂಠದ ಮುಂತುಟಿ ಮತ್ತು ಹಿಂತುಟಿ ಎರಡೂ ಸರಿಸುಮಾರು ಒಂದೇ ದಪ್ಪ ಇರುತ್ತವೆ. ಮುಂತುಟಿ ತೆಳುವಾಗಿ ಹಿಂತುಟಿ ದಪ್ಪವಾಗಿದ್ದರೆ ಯಾರೋ ಒತ್ತಿ ಹಿಡಿದಿದ್ದಾರೆ ಎಂದು ಅರ್ಥ. ಒಳಬಾಯಿ, ಹೊರಬಾಯಿ, ನಡುವಿನ ಕಾಲುವೆಯ ಗೆರೆ, ಮೂರೂ ಒಂದೇ ಚಿತ್ರದಲ್ಲಿ ಕಾಣಬೇಕು, ಗರ್ಭಕಂಠ ಪರದೆಯ ಬಹುಪಾಲನ್ನು ತುಂಬಿರಬೇಕು. ಆಮೇಲೆ ಒಳಬಾಯಿಯಿಂದ ಹೊರಬಾಯಿಗೆ ನೇರ ಗೆರೆ ಎಳೆದು ಅಳೆಯುತ್ತಾರೆ. ಕಾಲುವೆ ಬಾಗಿದ್ದರೆ ನೇರ ಗೆರೆ ತುಸು ಕಡಿಮೆ ತೋರಿಸುತ್ತದೆ ಎಂಬುದು ನಿಜ. ಆದರೆ ಬಾಗಲು ಉದ್ದ ಬೇಕು. ನಿಜವಾಗಿ ಚಿಕ್ಕದಾದ ಗರ್ಭಕಂಠ ಹೆಚ್ಚೂಕಡಿಮೆ ನೇರವಾಗಿಯೇ ಇರುತ್ತದೆ. ಹೀಗಾಗಿ ಈ ದೋಷದಿಂದ ನಮಗೆ ನಷ್ಟವಿಲ್ಲ.

ಗರ್ಭಕಂಠ ನಿಶ್ಚಲ ವಸ್ತುವಲ್ಲ. ನೋಡುನೋಡುತ್ತಿದ್ದಂತೆ ಒಳಬಾಯಿ ತೆರೆದುಕೊಂಡು ಮತ್ತೆ ಮುಚ್ಚಿಕೊಳ್ಳುವುದುಂಟು. ಅದಕ್ಕೇ ಮೂರರಿಂದ ಐದು ನಿಮಿಷ ನೋಡಬೇಕು, ಹೊಟ್ಟೆಯ ಮೇಲ್ಭಾಗವನ್ನು ಹದಿನೈದು ಸೆಕೆಂಡಿನಷ್ಟು ಮೆಲ್ಲಗೆ ಒತ್ತಿ ಏನಾಗುತ್ತದೆಂದು ಗಮನಿಸಬೇಕು, ಕನಿಷ್ಠ ಮೂರು ಸಲ ಅಳೆಯಬೇಕು. ಮೂರೂ ಚಿತ್ರಗಳು ಚೆನ್ನಾಗಿದ್ದರೆ ಅವುಗಳಲ್ಲಿ ಅತಿ ಚಿಕ್ಕದನ್ನು ವರದಿಗೆ ತೆಗೆದುಕೊಳ್ಳುವುದು ಪದ್ಧತಿ, ಸರಾಸರಿಯನ್ನಲ್ಲ. ನಿಮ್ಮ 24, 22, 21ರಲ್ಲಿ 21ಕ್ಕೆ ಬೆಲೆ ಬಂದದ್ದು ಹಾಗೆ. ಮೂರೂ ಅಂಕಿಗಳನ್ನು ಬರೆದಿಟ್ಟಿದ್ದಾರೆ ಎಂದರೆ ಅವಸರದಲ್ಲಿ ಮುಗಿಸಿಲ್ಲ ಎಂದೇ ನಾನು ಭಾವಿಸುತ್ತೇನೆ.

ಇನ್ನು 'ಆಲಿಕೆ'. ಒಳಬಾಯಿ ತೆರೆದುಕೊಂಡು, ನೀರಿನ ಚೀಲ ಕಾಲುವೆಯ ಮೇಲ್ಭಾಗಕ್ಕೆ ಇಳಿದಾಗ ಸ್ಕ್ಯಾನ್ ಚಿತ್ರದಲ್ಲಿ ಆ ಆಕಾರ ಕಾಣುತ್ತದೆ. ಈ ಪದ ಓದಿ ಎಷ್ಟೋ ಜನ ನಿದ್ದೆಗೆಡುತ್ತಾರೆ. ಆದರೆ ಆಲಿಕೆಯ ಭಾಗವನ್ನು ಬಿಟ್ಟು, ಅದರ ಕೆಳಗೆ ಮುಚ್ಚಿಕೊಂಡಿರುವುದನ್ನಷ್ಟೇ ಅಳೆದಿರುತ್ತಾರೆ. ನಿಮ್ಮ 21 ಅಂಥ ಅಳತೆ. ಆಲಿಕೆಯ ಲೆಕ್ಕ ಅದರಲ್ಲಿ ಆಗಲೇ ಸೇರಿಹೋಗಿದೆ. ಉದ್ದ ಚಿಕ್ಕದು, ಮೇಲಾಗಿ ಆಲಿಕೆಯೂ ಇದೆ ಎಂದು ಒಂದೇ ಅಪಾಯವನ್ನು ಎರಡು ಸಲ ಎಣಿಸಬೇಡಿ.

ಈ ಅಳತೆಗೆ ಅರ್ಥ ಬರುವುದು ಹೆಚ್ಚಾಗಿ 16ರಿಂದ 24 ವಾರಗಳ ನಡುವೆ. ಅದಕ್ಕೂ ಮೊದಲು ಗರ್ಭಕೋಶದ ಕೆಳಭಾಗ ಇನ್ನೂ ಬಿಡಿಸಿಕೊಂಡಿರುವುದಿಲ್ಲ, ಗರ್ಭಕಂಠ ಎಲ್ಲಿ ಮುಗಿಯಿತು ಎಂದು ಹೇಳುವುದೇ ಕಷ್ಟ. ಆಮೇಲಾದರೋ ಎಲ್ಲರದ್ದೂ ಸಹಜವಾಗಿಯೇ ಚಿಕ್ಕದಾಗುತ್ತಾ ಹೋಗುತ್ತದೆ. 32ನೇ ವಾರದಲ್ಲಿ 24 ಮಿಲಿಮೀಟರ್ ಎಂದು ಹೆದರಿ ಬರುವವರಿದ್ದಾರೆ. ಆ ಹೊತ್ತಿಗೆ ಅದು ಹೆದರುವ ಅಂಕಿಯೇ ಅಲ್ಲ.

ನಿಮ್ಮದು 20ನೇ ವಾರದಲ್ಲಿ 21. ಅಮೆರಿಕದಲ್ಲಿ ಸುಮಾರು 2,900 ಗರ್ಭಿಣಿಯರನ್ನು ಅಳೆದು 1996ರಲ್ಲಿ ಪ್ರಕಟಿಸಿದ ಅಧ್ಯಯನವೇ ಇಂದಿಗೂ ಈ ಕ್ಷೇತ್ರದ ಅಡಿಪಾಯ. ಅದರ ಪ್ರಕಾರ 24ನೇ ವಾರದಲ್ಲಿ ಸರಾಸರಿ ಉದ್ದ 35 ಮಿಲಿಮೀಟರ್, ನೂರರಲ್ಲಿ ಹತ್ತು ಜನಕ್ಕೆ ಅದು 26 ಅಥವಾ ಅದಕ್ಕಿಂತ ಕಡಿಮೆ. ನಾವು 25ನ್ನು ಗೆರೆಯಾಗಿ ಇಟ್ಟುಕೊಂಡದ್ದು ಇಂಥ ಲೆಕ್ಕಗಳಿಂದ. ಇಷ್ಟು ಹೇಳಿ ಸುಮ್ಮನಾಗುವ ವೈದ್ಯರೇ ಹೆಚ್ಚು, ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿ ನಿಮಗೆ ಬೇಕಾದದ್ದು: 24ನೇ ವಾರದಲ್ಲಿ 25 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ 35 ವಾರಕ್ಕೆ ಮೊದಲೇ ಹೆರಿಗೆಯಾದದ್ದು ನೂರಕ್ಕೆ ಸುಮಾರು 18 ಮಂದಿಗೆ. ಉಳಿದ 82 ಮಂದಿ ಆ ಗಡಿಯನ್ನು ದಾಟಿದರು. ನಿಮ್ಮದು 24ನೇ ವಾರದ ಅಳತೆಯಲ್ಲ, 25ಕ್ಕಿಂತ ತುಸು ಕೆಳಗೂ ಇದೆ, ಆದ್ದರಿಂದ ಈ ಅಂಕಿಯನ್ನು ಹಾಗೆಯೇ ನಿಮಗೆ ಹಚ್ಚಲಾಗದು. ಆದರೂ ಚಿಕ್ಕ ಗರ್ಭಕಂಠವೆಂದರೆ ಹೆಚ್ಚಿದ ಅಪಾಯ, ಖಚಿತವಾದ ನಷ್ಟವಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ.

ಈಗ ಹೊಲಿಗೆ. ಚಿಕ್ಕದಾಗಿದ್ದರೆ ಕಟ್ಟಿಬಿಡೋಣ ಎನ್ನುವುದು ಯಾರಿಗಾದರೂ ಹೊಳೆಯುವ ಯೋಚನೆ, ವೈದ್ಯರಿಗೂ ಹೊಳೆದಿತ್ತು. ಅದನ್ನು ಪರೀಕ್ಷೆಗೆ ಒಡ್ಡಿದ ಒಂದು ದೊಡ್ಡ ಪ್ರಯೋಗದ ಫಲಿತಾಂಶ 2004ರಲ್ಲಿ ಬಂತು. ನಲವತ್ತೇಳು ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಅಳೆದು, ಗರ್ಭಕಂಠ 15 ಮಿಲಿಮೀಟರ್ ಅಥವಾ ಅದಕ್ಕಿಂತ ಚಿಕ್ಕದಿದ್ದವರಲ್ಲಿ ಒಪ್ಪಿದ 253 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹೊಲಿಗೆ, ಇನ್ನೊಂದಕ್ಕೆ ಇಲ್ಲ. 33 ವಾರಕ್ಕೆ ಮೊದಲು ಹೆರಿಗೆಯಾದವರು ಹೊಲಿಗೆಯ ಗುಂಪಿನಲ್ಲಿ ನೂರಕ್ಕೆ 22, ಹೊಲಿಗೆ ಇಲ್ಲದವರಲ್ಲಿ 26. ಆ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣದು. ನಿಮಗಿಂತ ಚಿಕ್ಕ ಗರ್ಭಕಂಠದವರಲ್ಲೇ ಹೊಲಿಗೆ ತನ್ನ ಕೈಚಳಕ ತೋರಿಸಲಿಲ್ಲ.

ಐದು ವರ್ಷದ ನಂತರ, 2009ರಲ್ಲಿ, ಇನ್ನೊಂದು ಪ್ರಯೋಗ ಪ್ರಕಟವಾಯಿತು. ಇದರಲ್ಲಿ ಸೇರಿಸಿಕೊಂಡದ್ದು ಹಿಂದೊಮ್ಮೆ 17 ಮತ್ತು 34 ವಾರಗಳ ನಡುವೆ ತಾನಾಗಿಯೇ ಹೆರಿಗೆಯಾಗಿದ್ದವರನ್ನು ಮಾತ್ರ. ಅವರಲ್ಲಿ ಗರ್ಭಕಂಠ 25ಕ್ಕಿಂತ ಕೆಳಗಿಳಿದ ಸುಮಾರು 300 ಮಂದಿಯನ್ನು ಅದೇ ರೀತಿ ಎರಡು ಗುಂಪು ಮಾಡಿದರು. ಮಗು ಬದುಕಲಾರದಷ್ಟು ಬೇಗ ಹೆರಿಗೆಯಾದದ್ದು ಹೊಲಿಗೆ ಹಾಕದವರಲ್ಲಿ ನೂರಕ್ಕೆ 14, ಹಾಕಿದವರಲ್ಲಿ 6. ಗರ್ಭಕಂಠ 15ಕ್ಕಿಂತಲೂ ಕಡಿಮೆ ಇದ್ದವರಿಗೆ ಲಾಭ ಇನ್ನೂ ಎದ್ದು ಕಂಡಿತು. ನಿಮ್ಮ ಗೆಳತಿ ಈ ಗುಂಪಿಗೆ ಸೇರಿದವರು. ಅವರ ವೈದ್ಯರು 22 ಕಂಡ ಮರುದಿನವೇ ಹೊಲಿಗೆ ಹಾಕಿದ್ದರಲ್ಲಿ ಅಚ್ಚರಿಯೇನೂ ಇಲ್ಲ.

ಒಂದೇ ಅಳತೆಗೆ ಎರಡು ಫಲ ಏಕೆ? ಗರ್ಭಕಂಠ ಚಿಕ್ಕದಾಗಲು ಒಂದೇ ಕಾರಣವಿಲ್ಲ. ಕೆಲವರಲ್ಲಿ ಅದರ ಕಟ್ಟೋಣವೇ ದುರ್ಬಲ, ಬಸಿರು ತೂಕ ಹಿಡಿಯುವ ಹೊತ್ತಿಗೆ ನೋವಿಲ್ಲದೆ ತೆರೆದುಕೊಳ್ಳುತ್ತದೆ. ಇಂಥವರಿಗೆ ಒಂದು ಆಸರೆ ಕಟ್ಟುವುದರಲ್ಲಿ ಅರ್ಥವಿದೆ. ಹಿಂದೊಮ್ಮೆ ಎರಡನೇ ತ್ರೈಮಾಸಿಕದಲ್ಲಿ ಮಗುವನ್ನು ಕಳೆದುಕೊಂಡವರಲ್ಲಿ ಈ ಸಾಧ್ಯತೆ ಹೆಚ್ಚು. ಇನ್ನು ಕೆಲವರಲ್ಲಿ ಗರ್ಭಕಂಠದ ಅಂಗಾಂಶ ಕಾಲಕ್ಕೆ ಮೊದಲೇ ಮಾಗತೊಡಗಿರುತ್ತದೆ: ಅದಕ್ಕೆ ಬಿಗುವು ಕೊಡುವ ಕೊಲಾಜನ್ ನಾರುಗಳು ಸಡಿಲವಾಗಿ, ನೀರಿನಂಶ ಹೆಚ್ಚಿ, ಉರಿಯೂತದ ರಾಸಾಯನಿಕಗಳು ಸೇರಿಕೊಳ್ಳುತ್ತವೆ. ದಾರ ಕಟ್ಟಿದ ಮಾತ್ರಕ್ಕೆ ಆ ಕ್ರಿಯೆ ನಿಲ್ಲುವುದಿಲ್ಲ. ಹಿಂದಿನ ಹೆರಿಗೆಯ ಚರಿತ್ರೆಯೇ ಇಲ್ಲದ ನಿಮ್ಮಂಥವರಲ್ಲಿ ಯಾವುದು ನಡೆಯುತ್ತಿದೆ ಎಂದು ಸ್ಕ್ಯಾನ್ ಹೇಳಲಾರದು. ಅದು ಉದ್ದವನ್ನು ಹೇಳುತ್ತದೆ, ಕಾರಣವನ್ನಲ್ಲ.

ಅಲ್ಲಿಯೇ ಪ್ರೊಜೆಸ್ಟರಾನ್ ಬರುವುದು. ಗರ್ಭಕೋಶವನ್ನು ಶಾಂತವಾಗಿಡುವ, ಗರ್ಭಕಂಠ ಮಾಗುವುದನ್ನು ತಡೆಹಿಡಿಯುವ ಹಾರ್ಮೋನ್ ಇದು. 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗರ್ಭಕಂಠ 15 ಅಥವಾ ಅದಕ್ಕಿಂತ ಕಡಿಮೆ ಇದ್ದ 250 ಮಂದಿಗೆ ಪ್ರತಿ ರಾತ್ರಿ 200 ಮಿಲಿಗ್ರಾಂ ಪ್ರೊಜೆಸ್ಟರಾನ್ ಅಥವಾ ಅದರಂತೆಯೇ ಕಾಣುವ ಔಷಧವಿಲ್ಲದ ಗುಳಿಗೆ ಕೊಟ್ಟರು. 34 ವಾರಕ್ಕೆ ಮೊದಲ ಹೆರಿಗೆ ನೂರಕ್ಕೆ 34ರಿಂದ 19ಕ್ಕೆ ಇಳಿಯಿತು. ಆಮೇಲೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ 25ರವರೆಗಿನ ಉದ್ದಕ್ಕೂ ಲಾಭವಿದೆ ಎಂದು ಕಂಡಿತು. ಆದ್ದರಿಂದ ನಿಮಗೆ ಸಿಕ್ಕಿರುವುದು 'ಬರೀ ಗುಳಿಗೆ' ಅಲ್ಲ. ನಿಮ್ಮ ಸ್ಥಿತಿಯಲ್ಲಿ ಕೆಲಸ ಮಾಡುತ್ತದೆ ಎಂದು ತೋರಿಸಿಕೊಟ್ಟ ಚಿಕಿತ್ಸೆಯೇ ಅದು. ಆಪರೇಷನ್ ಕೋಣೆಯಲ್ಲಿ ನಡೆಯುವುದೇ ದೊಡ್ಡ ಚಿಕಿತ್ಸೆ, ಮನೆಯಲ್ಲಿ ತೆಗೆದುಕೊಳ್ಳುವುದು ಕಾಟಾಚಾರ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ.

ಹೊಲಿಗೆ ಹೇಗಿರುತ್ತದೆ ಎಂಬುದನ್ನೂ ತಿಳಿದಿರುವುದು ಒಳ್ಳೆಯದು, ಮುಂದೆ ನಿಮಗೂ ಬೇಕಾದೀತು. 1950ರ ದಶಕದಲ್ಲಿ ಮುಂಬೈಯ ವಿ. ಎನ್. ಶಿರೋಡ್ಕರ್ ಅವರು ತೊಡೆಯ ಸ್ನಾಯುವನ್ನು ಸುತ್ತಿರುವ ಗಟ್ಟಿ ಪೊರೆಯ ಪಟ್ಟಿಯನ್ನೇ ತೆಗೆದು ಗರ್ಭಕಂಠದ ಸುತ್ತ ಕಟ್ಟಿದರು. 1957ರಲ್ಲಿ ಆಸ್ಟ್ರೇಲಿಯದ ಮೆಕ್‌ಡೊನಾಲ್ಡ್ ಇನ್ನೂ ಸರಳವಾದ ವಿಧಾನವನ್ನು ಪ್ರಕಟಿಸಿದರು, ಇಂದು ಹೆಚ್ಚಾಗಿ ನಡೆಯುವುದು ಅದೇ. ಬೆನ್ನಿಗೆ ಅರಿವಳಿಕೆ ಕೊಟ್ಟು, ಗರ್ಭಕಂಠದ ತುಟಿಯನ್ನು ಇಕ್ಕಳದಲ್ಲಿ ಮೆಲ್ಲಗೆ ಹಿಡಿದು, ಕರಗದ ದಾರ ಅಥವಾ ಚಪ್ಪಟೆ ಪಟ್ಟಿಯನ್ನು ನಾಲ್ಕೈದು ಕಡೆ ಒಳಹೊಕ್ಕಿಸಿ, ಹಣದ ಸಂಚಿಯ ಬಾಯಿಗೆ ಹೆಣೆದ ಲಾಡಿಯಂತೆ ಸುತ್ತಲೂ ತಂದು ಬಿಗಿದು ಗಂಟು ಹಾಕುತ್ತಾರೆ. ಸೂಜಿ ಒಳಬಾಯಿಗೆ ಎಷ್ಟು ಹತ್ತಿರ ಹೋದರೆ ಅಷ್ಟು ಒಳ್ಳೆಯದು, ಆದರೆ ಮುಂಭಾಗದಲ್ಲಿ ಮೂತ್ರಕೋಶ ಅಡ್ಡ ಇರುತ್ತದೆ. ಸೂಜಿ ಕಾಲುವೆಯೊಳಗೆ ನುಗ್ಗಿ ನೀರಿನ ಚೀಲವನ್ನು ಚುಚ್ಚಬಾರದು. ಗಂಟಿನ ಎಳೆಗಳನ್ನು ಉದ್ದ ಬಿಟ್ಟಿರುತ್ತಾರೆ, ತೆಗೆಯುವಾಗ ಕೈಗೆ ಸಿಗಲೆಂದು. ಅರ್ಧ ಗಂಟೆಯೊಳಗಿನ ಕೆಲಸ. ಅದೇ ದಿನ ಅಥವಾ ಮರುದಿನ ಮನೆಗೆ ಹೋಗಬಹುದು. 36-37ನೇ ವಾರದಲ್ಲಿ ಸಾಮಾನ್ಯವಾಗಿ ಅರಿವಳಿಕೆಯಿಲ್ಲದೆಯೇ ಕತ್ತರಿಸಿ ತೆಗೆಯುತ್ತಾರೆ. ಅದಕ್ಕೂ ಮೊದಲು ಹೆರಿಗೆ ನೋವು ನಿಜವಾಗಿ ಶುರುವಾದರೆ ಕಾಯುವ ಹಾಗಿಲ್ಲ, ತೆಗೆಯಲೇಬೇಕು. ಇಲ್ಲದಿದ್ದರೆ ದಾರವೇ ಗರ್ಭಕಂಠವನ್ನು ಸೀಳುತ್ತದೆ.

ಅಪಾಯಗಳು ಅಪರೂಪ, ಆದರೆ ಇಲ್ಲವೆನ್ನುವಂತಿಲ್ಲ: ನೀರು ಒಡೆಯುವುದು, ಸೋಂಕು, ರಕ್ತಸ್ರಾವ. ಬೇರೆ ಬಗೆಯ ಬಸಿರಿನಲ್ಲಂತೂ ಲೆಕ್ಕವೇ ಬೇರೆ. ಅವಳಿ ಮಕ್ಕಳಿದ್ದು ಗರ್ಭಕಂಠ ಚಿಕ್ಕದಾದವರಿಗೆ ಬರೀ ಉದ್ದ ನೋಡಿ ಹೊಲಿಗೆ ಹಾಕಿದಾಗ ಬೇಗ ಹೆರಿಗೆಯಾದವರ ಸಂಖ್ಯೆ ಹೆಚ್ಚಾಗಿಯೇ ಕಂಡಿದೆ. ಹಾಕಿದರೆ ನಷ್ಟವೇನು ಎಂದು ಕೇಳುವವರಿಗೆ ನನ್ನ ಉತ್ತರ ಇದು.

ಹತ್ತು ದಿನದ ನಂತರದ ಭೇಟಿಯಲ್ಲಿ ಏನೇನಾಗಬಹುದು ಎಂದು ಯೋಚಿಸೋಣ. ಅಳತೆ 19 ಬಂತು ಎಂದಿಟ್ಟುಕೊಳ್ಳಿ, ಅಥವಾ 24. ಎರಡೂ ಹೆಚ್ಚುಕಡಿಮೆ ಒಂದೇ ಸುದ್ದಿ. ಒಬ್ಬರೇ ಎರಡು ಸಲ ಅಳೆದರೂ ಮೂರ್ನಾಲ್ಕು ಮಿಲಿಮೀಟರಿನ ಏರುಪೇರು ಇದ್ದದ್ದೇ. 24 ಎಂದರೆ ಮಲಗಿದ್ದರಿಂದ ಬೆಳೆಯಿತು ಎಂದು ಮನೆಯವರು ಹಿಗ್ಗುವುದೂ ಬೇಡ, 19 ಎಂದರೆ ಸ್ನಾನ ಮಾಡಿದ್ದರಿಂದ ಕುಗ್ಗಿತು ಎಂದು ನೀವು ಅಳುವುದೂ ಬೇಡ. ಗುಳಿಗೆ ಮುಂದುವರಿಯುತ್ತದೆ, ಅಷ್ಟೆ.

ಅಳತೆ 14-15ಕ್ಕೆ ಇಳಿದಿದ್ದರೆ ಅದು ನಿಜವಾದ ಬದಲಾವಣೆ. ವಾರಕ್ಕೊಮ್ಮೆ ನೋಡಬೇಕಾಗಬಹುದು. ಈ ಹಂತದಲ್ಲಿ ಹೊಲಿಗೆ ಹಾಕಬೇಕೇ ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ನಾನು ಗುಳಿಗೆಯನ್ನೇ ಮುಂದುವರಿಸುವ ಪಂಗಡದವಳು. 10ಕ್ಕಿಂತ ಕೆಳಗೆ ಇಳಿದರೆ ನನ್ನ ನಿಲುವು ಬದಲಾಗುತ್ತದೆ. ಹಿಂದಿನ ಚರಿತ್ರೆ ಇಲ್ಲದವರಲ್ಲೂ ಅಷ್ಟು ಚಿಕ್ಕದಾದಾಗ ಹೊಲಿಗೆಯಿಂದ ಲಾಭವಾಗಬಹುದು ಎಂದು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಸೂಚಿಸುತ್ತದೆ. ಆಗ ವೈದ್ಯರು ಉಪಕರಣ ಹಾಕಿ ಕಣ್ಣಾರೆ ನೋಡಬೇಕು. ಹೊರಬಾಯಿಯೂ ತೆರೆದು ನೀರಿನ ಚೀಲ ಕಾಣುತ್ತಿದ್ದರೆ ಅದು ಬೇರೆಯದೇ ಸನ್ನಿವೇಶ. ಅಲ್ಲಿ ಉದ್ದದ ಚರ್ಚೆ ಮುಗಿಯಿತು. ಸೋಂಕು, ರಕ್ತಸ್ರಾವ, ಹೆರಿಗೆ ನೋವು ಇಲ್ಲವೆಂದು ಖಾತ್ರಿ ಮಾಡಿಕೊಂಡು ತುರ್ತಾಗಿ ಹೊಲಿಗೆ ಹಾಕುವುದು ಮೊದಲ ಬಸಿರಿನವರಿಗೂ ಅನ್ವಯಿಸುತ್ತದೆ. ನಿಮ್ಮ ವೈದ್ಯರು 'ಈಗ ಬೇಡ' ಎಂದದ್ದನ್ನು 'ಎಂದಿಗೂ ಬೇಡ' ಎಂದು ಕೇಳಿಸಿಕೊಳ್ಳಬೇಡಿ. 24 ವಾರ ದಾಟಿದ ಮೇಲೆ ಸಾಮಾನ್ಯವಾಗಿ ಹೊಲಿಗೆಯ ಮಾತು ನಿಲ್ಲುತ್ತದೆ. ಮಗುವಿನ ಶ್ವಾಸಕೋಶಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು ಯಾವಾಗ, ನವಜಾತ ಶಿಶುಗಳ ತೀವ್ರ ನಿಗಾ ಘಟಕ ಎಲ್ಲಿದೆ ಎಂಬ ಪ್ರಶ್ನೆಗಳು ಅದರ ಜಾಗಕ್ಕೆ ಬರುತ್ತವೆ.

ಈಗ ನಿಮ್ಮ ಅತ್ತೆಯವರ ಮಂಚಕ್ಕೆ ಬರೋಣ. ಅವರನ್ನು ದೂರುವುದಿಲ್ಲ, ಏಕೆಂದರೆ ಈ ಸಲಹೆ ಮೊದಲು ಹೊರಟದ್ದು ನಮ್ಮವರ ಬಾಯಿಂದಲೇ. ವೈದ್ಯರು ದಶಕಗಟ್ಟಲೆ ಇದನ್ನು ಬರೆದುಕೊಟ್ಟರು, ಈಗಲೂ ಬರೆಯುವವರಿದ್ದಾರೆ. ತರ್ಕ ಸರಳ: ಮಗುವಿನ ಭಾರ ಕೆಳಗೆ ಒತ್ತುತ್ತದೆ, ಮಲಗಿದರೆ ಒತ್ತಡ ತಪ್ಪುತ್ತದೆ. ಎದ್ದು ನಿಂತಾಗ ಕೆಳಭಾಗದ ಒತ್ತಡ ತುಸು ಹೆಚ್ಚುವುದು ನಿಜವೇ. ಆದರೆ ಗರ್ಭಕಂಠ ಚಿಕ್ಕದಾಗುವುದು ಅಂಗಾಂಶದ ಒಳಗೆ ನಡೆಯುವ ಬದಲಾವಣೆಯಿಂದ. ಒಳಗೆ ನಾರುಗಳು ಸಡಿಲವಾಗುತ್ತಿದ್ದರೆ ಮಂಚವನ್ನು ಓರೆ ಮಾಡಿ ಅದನ್ನು ತಡೆಯಲಾಗದು. ಸಡಿಲವಾಗುತ್ತಿಲ್ಲದಿದ್ದರೆ ಓಡಾಟದಿಂದ ಅದು ಶುರುವಾಗುವುದೂ ಇಲ್ಲ.

ತರ್ಕವನ್ನು ಬದಿಗಿಟ್ಟು ಅಂಕಿ ನೋಡಿ. 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಇದ್ದವರು ನಿಮ್ಮಂತೆಯೇ ಮೊದಲ ಹೆರಿಗೆಯವರು, ಗರ್ಭಕಂಠ 30ಕ್ಕಿಂತ ಕಡಿಮೆ ಇದ್ದ ಸುಮಾರು 650 ಮಂದಿ. ಅವರಲ್ಲಿ ನೂರಕ್ಕೆ 39 ಜನಕ್ಕೆ ವೈದ್ಯರು ಕೆಲಸ, ಓಡಾಟ ಅಥವಾ ಲೈಂಗಿಕ ಸಂಪರ್ಕವನ್ನು ಕಡಿಮೆ ಮಾಡಿ ಎಂದು ಯಾವುದಾದರೊಂದು ಬಗೆಯ ನಿರ್ಬಂಧ ಹೇಳಿದ್ದರು. ಹಾಗೆ ನಿರ್ಬಂಧ ಹಾಕಿಸಿಕೊಂಡವರಲ್ಲಿ 37 ವಾರಕ್ಕೆ ಮೊದಲ ಹೆರಿಗೆ ನೂರಕ್ಕೆ 37, ಎಂದಿನಂತೆ ಇದ್ದವರಲ್ಲಿ 17. ತಿರುಗಿಸಿ ಬರೆದಿಲ್ಲ, ಹಾಗೆಯೇ ಇದೆ. ಅಪಾಯ ಹೆಚ್ಚಿದ್ದವರಿಗೇ ವೈದ್ಯರು ಮಲಗಿ ಎಂದಿರಬಹುದಲ್ಲವೇ ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಇದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ. ಗರ್ಭಕಂಠದ ಉದ್ದ ಮುಂತಾದ ವ್ಯತ್ಯಾಸಗಳನ್ನು ಲೆಕ್ಕದಲ್ಲಿ ಸರಿದೂಗಿಸಿದ ಮೇಲೂ ಅಪಾಯ ಎರಡು ಪಟ್ಟಿಗಿಂತ ಹೆಚ್ಚೇ ಉಳಿಯಿತು, ಆದರೂ ಮಲಗಿದ್ದೇ ಕಾರಣ ಎಂದು ನಾನು ಹೇಳುವುದಿಲ್ಲ. ಮಲಗಿದ್ದು ಕಾಪಾಡಿತು ಎಂದು ಹೇಳಲು ಮಾತ್ರ ಯಾರಿಂದಲೂ ಸಾಧ್ಯವಿಲ್ಲ.

ಹಾನಿಯ ಪಟ್ಟಿ ಮಾತ್ರ ನಿರ್ವಿವಾದ. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಸ್ವಭಾವ ಮೊದಲೇ ನಾಲ್ಕೈದು ಪಟ್ಟು ಹೆಚ್ಚಿರುತ್ತದೆ; ಅದರ ಮೇಲೆ ಕದಲದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗುವ ಭಯವಿದೆ. ಸ್ನಾಯು ಸೊರಗುತ್ತದೆ, ಮೂಳೆ ಸವೆಯುತ್ತದೆ, ಮಲಬದ್ಧತೆ ಬಿಗಿಯಾಗುತ್ತದೆ. ಇವೆಲ್ಲಕ್ಕಿಂತ ನಾನು ಹೆಚ್ಚಾಗಿ ಕಂಡಿರುವುದು ಮನಸ್ಸಿನ ಕುಸಿತ. ಇಡೀ ದಿನ ಗೋಡೆ ನೋಡುತ್ತಾ ಹೊಟ್ಟೆಯ ಪ್ರತಿ ಮಿಡಿತವನ್ನೂ ಲೆಕ್ಕ ಹಾಕುತ್ತಾ ಮಲಗಿದವಳು, ಹೆರಿಗೆ ಬೇಗ ಆದರೆ ನಾನು ಅಂದು ಎದ್ದದ್ದೇ ತಪ್ಪಾಯಿತು ಎಂದು ವರ್ಷಗಟ್ಟಲೆ ಕೊರಗುತ್ತಾಳೆ. ಕಾಲು ಮೇಲೆ ತಲೆ ಕೆಳಗೆ ಮಾಡಿ ಮಲಗುವುದಕ್ಕೂ ಏನೂ ಆಧಾರವಿಲ್ಲ. ಊಟದ ಎದೆಯುರಿ ಹೆಚ್ಚುತ್ತದೆ, ಅಷ್ಟೇ ಅದರ ಫಲ. ಮಂಚವನ್ನು ಸಮ ಮಾಡಿಸಿ.

ಹಾಗಾದರೆ ಏನು ಮಾಡಬಹುದು? ನಡೆಯಿರಿ, ಕುಳಿತು ಮಾಡುವ ಉದ್ಯೋಗವಿದ್ದರೆ ಹೋಗಿ, ಮನೆಗೆಲಸ ಮಾಡಿ. ದಣಿದರೆ ಎಲ್ಲ ಗರ್ಭಿಣಿಯರಂತೆ ಮಲಗಿ. ಅದು ವಿಶ್ರಾಂತಿ, ಚಿಕಿತ್ಸೆಯಲ್ಲ. ಗಂಟೆಗಟ್ಟಲೆ ನಿಂತು ಭಾರ ಎತ್ತುವ ಕೆಲಸವಾದರೆ ವೈದ್ಯರೊಂದಿಗೆ ಮಾತನಾಡಿ ಬದಲಿಸಿಕೊಳ್ಳಿ. ಲೈಂಗಿಕ ಸಂಪರ್ಕದ ವಿಚಾರವನ್ನೂ ಅವರನ್ನು ನೇರವಾಗಿ ಕೇಳಿ. ಮುಜುಗರದಿಂದ ಕೇಳದೆ ಉಳಿಯುವ ಪ್ರಶ್ನೆ ಅದು. ಮಲ ವಿಸರ್ಜನೆಗೆ ಮುಕ್ಕಿದ್ದಕ್ಕೆ ಗರ್ಭಕಂಠ ತೆರೆಯಿತು ಎಂದು ಹೆದರಿ ಶೌಚವನ್ನೇ ತಡೆದುಕೊಳ್ಳುವವರಿದ್ದಾರೆ. ಹಾಗೆ ಮಾಡಬೇಡಿ. ಹಾರ್ಮೋನಿನಿಂದ ಮಲ ಗಟ್ಟಿಯಾಗುವುದು ಸಾಮಾನ್ಯ, ಅದಕ್ಕೆ ಔಷಧ ಕೇಳಿ ಪಡೆಯಿರಿ.

ಹತ್ತು ದಿನ ಕಾಯದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳೂ ಇವೆ. ಹೊಟ್ಟೆ ಮತ್ತೆ ಮತ್ತೆ ಗಟ್ಟಿಯಾಗಿ ಸಡಿಲವಾಗುತ್ತಿದ್ದರೆ, ಮುಟ್ಟಿನ ನೋವಿನಂತೆ ಸೊಂಟದಲ್ಲಿ ಅಲೆಅಲೆಯಾಗಿ ನೋವು ಬರುತ್ತಿದ್ದರೆ, ಕೆಳಗೆ ಏನೋ ಇಳಿದು ಒತ್ತುತ್ತಿದೆ ಎನ್ನಿಸಿದರೆ, ರಕ್ತ ಕಂಡರೆ, ಜ್ವರ ಅಥವಾ ದುರ್ವಾಸನೆಯ ಸ್ರಾವ ಇದ್ದರೆ ಅದೇ ದಿನ ಹೋಗಿ. ನೀರು ಹೋಗುತ್ತಿದ್ದರೂ ಹಾಗೆಯೇ. ಕೊನೆಯದರಲ್ಲಿ ಗುಳಿಗೆ ಇಡುವವರಿಗೆ ಒಂದು ಗೊಂದಲ ಖಂಡಿತ ಬರುತ್ತದೆ, ಅದನ್ನು ಈಗಲೇ ಬಿಡಿಸಿಬಿಡುತ್ತೇನೆ. ಪ್ರೊಜೆಸ್ಟರಾನ್ ಅನ್ನು ಎಣ್ಣೆಯಲ್ಲಿ ಬೆರೆಸಿ ಗುಳಿಗೆಯಲ್ಲಿ ತುಂಬಿರುತ್ತಾರೆ. ಔಷಧ ಹೀರಿಕೊಂಡ ಮೇಲೆ ಉಳಿದ ಎಣ್ಣೆ ಮತ್ತು ಕವಚದ ಚೂರು ಬೆಳಿಗ್ಗೆ ಬೆಳ್ಳಗೆ, ಜಿಡ್ಡಾಗಿ ಹೊರಬರುತ್ತದೆ. ಔಷಧವೇ ಹೊರಹೋಯಿತೆಂದು ಇನ್ನೊಂದು ಗುಳಿಗೆ ಇಡಬೇಡಿ. (ಕೆಲವು ಕಂಪನಿಗಳ ಗುಳಿಗೆಯಲ್ಲಿರುವುದು ಕಡಲೆಕಾಯಿ ಎಣ್ಣೆ, ಅದರ ಅಲರ್ಜಿ ಇದ್ದರೆ ವೈದ್ಯರಿಗೆ ಹೇಳಲೇಬೇಕು.) ಗರ್ಭದ ನೀರು ಬೇರೆ ಥರ: ತೆಳುವಾಗಿ, ಜಿಡ್ಡಿಲ್ಲದೆ, ಬಟ್ಟೆ ಬದಲಿಸಿದ ಮೇಲೂ ಮತ್ತೆ ಒದ್ದೆಯಾಗುತ್ತದೆ, ಕೆಮ್ಮಿದರೆ ಅಥವಾ ಎದ್ದರೆ ಚಿಮ್ಮುತ್ತದೆ. ಅನುಮಾನ ಬಂದರೆ ಒಣ ಪ್ಯಾಡ್ ಇಟ್ಟುಕೊಂಡು ಅದು ನೀರಿನಂತೆ ನೆನೆದಿದೆಯೇ, ಜಿಡ್ಡಾಗಿದೆಯೇ ಎಂದು ನೋಡಿ, ನೆನೆದಿದ್ದರೆ ಆ ಪ್ಯಾಡ್ ಸಮೇತ ಆಸ್ಪತ್ರೆಗೆ ಹೋಗಿ. ನಿರ್ಧರಿಸಲಾಗದಿದ್ದರೂ ಹೋಗಿ. ಗುಳಿಗೆಯನ್ನು ಸಾಮಾನ್ಯವಾಗಿ 36ನೇ ವಾರದ ಹೊತ್ತಿಗೆ ನಿಲ್ಲಿಸುತ್ತಾರೆ. ಅಲ್ಲಿಯವರೆಗೆ ರಾತ್ರಿ ತಪ್ಪಿಸಬೇಡಿ.